ಶೇ. 12ಕ್ಕೆ ಗಾಬರಿ, ಶೇ. 14 ಮಾಮೂಲಿ

ಬೆಂಗಳೂರಿನ ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಯಾವುದಾದರೂ ಗಾರ್ಮೆಂಟ್ಸ್ ಕಾರ್ಖಾನೆಯೊಳಗೆ ಹೋದರೆ, ಹೊಲಿಗೆ ಲೈನಿನ ಕೊನೆಯಲ್ಲಿ ಒಂದು ಟೇಬಲ್ ಕಾಣುತ್ತದೆ. ಮೇಲೆ ಟ್ಯೂಬ್‌ಲೈಟು, ಪಕ್ಕದಲ್ಲಿ ಮುಗಿದ ಶರ್ಟುಗಳ ರಾಶಿ. ಅಲ್ಲಿ ನಿಂತ ಚೆಕರ್ ಒಂದೊಂದೇ ಶರ್ಟನ್ನು ತಿರುಗಿಸಿ ಕಾಲರ್, ತೋಳು, ಪಕ್ಕದ ಹೊಲಿಗೆ, ಬಟನ್ ಎಲ್ಲವನ್ನೂ ನೋಡುತ್ತಾರೆ. ತಪ್ಪಿದ್ದರೆ ಅಲ್ಲಿಗೆ ಬಾಣದ ಗುರುತಿನ ಸ್ಟಿಕರ್ ಅಂಟಿಸಿ ಆಲ್ಟರ್ ಬುಟ್ಟಿಗೆ ಹಾಕುತ್ತಾರೆ, ಹಾಳೆಯಲ್ಲಿ ಒಂದು ಗೆರೆ ಎಳೆಯುತ್ತಾರೆ. ಸಂಜೆ ಆ ಗೆರೆಗಳನ್ನು ಎಣಿಸಿ ಶೇಕಡಾ ಲೆಕ್ಕ ಬರೆಯುತ್ತಾರೆ. ಮರುದಿನ ಬೆಳಗಿನ ಮೀಟಿಂಗಿನಲ್ಲಿ ಯಾರಿಗೆ ಬೈಗುಳ, ಯಾರಿಗೆ ಸಮಾಧಾನ ಎನ್ನುವುದು ಬಹುಪಾಲು ಆ ಸಂಖ್ಯೆಯಿಂದಲೇ ತೀರ್ಮಾನವಾಗುತ್ತದೆ.

ಆ ಸಂಖ್ಯೆಯನ್ನು ಓದುವುದು ಹೇಗೆ? ಶೇ. 12 ದೋಷ ಬಂದ ದಿನ ಲೈನ್ ನಿಲ್ಲಿಸಿ ಕಾರಣ ಹುಡುಕಬೇಕಾಗಿತ್ತು, ಶೇ. 14 ಬಂದ ದಿನ ಏನೂ ಮಾಡಬೇಕಾಗಿರಲಿಲ್ಲ ಎಂದರೆ ಯಾರಿಗಾದರೂ ವಿಚಿತ್ರ ಎನಿಸುತ್ತದೆ. ಆದರೆ ಒಂದೇ ಲೈನಿನಲ್ಲಿ, ಒಂದೇ ತಿಂಗಳಲ್ಲಿ ಹೀಗಾಗುವುದು ಸಾಧ್ಯ. ಅದನ್ನು ಕಣ್ಣಾರೆ ನೋಡಲು ಒಂದು ಮಾದರಿ ಹಾಳೆಯನ್ನು ಇಟ್ಟುಕೊಳ್ಳೋಣ. ದಿನಕ್ಕೆ 200 ಶರ್ಟುಗಳ ತಪಾಸಣೆ, 20 ದಿನ. ದೋಷವಿದ್ದ ಶರ್ಟುಗಳು ದಿನದ ಕ್ರಮದಲ್ಲಿ ಹೀಗಿವೆ: 11, 16, 9, 12, 6, 14, 10, 15, 12, 7, 24, 23, 13, 8, 10, 15, 5, 9, 11, 10.

ಗೆರೆ, ನಕ್ಷೆಗಳ ಮಾತಿಗೆ ಮೊದಲು ಹಾಳೆಯ ಕೂಡಿಕೆ ಸರಿಯಿದೆಯೇ ನೋಡಬೇಕು. ಇಲ್ಲಿ ಆಗುವ ದೊಡ್ಡ ಗೊಂದಲ ಎರಡು ಬೇರೆ ಎಣಿಕೆಗಳನ್ನು ಒಂದೇ ಎಂದು ತಿಳಿಯುವುದು. ಒಂದು ಶರ್ಟಿನಲ್ಲಿ ಹೊಲಿಗೆ ತಪ್ಪಿದೆ, ಎಣ್ಣೆ ಕಲೆಯಿದೆ, ದಾರದ ತುದಿ ಕತ್ತರಿಸಿಲ್ಲ ಎಂದುಕೊಳ್ಳಿ. ದೋಷಗಳು ಮೂರು, ದೋಷವಿರುವ ಶರ್ಟು ಒಂದೇ. ಕಾರ್ಖಾನೆಗಳಲ್ಲಿ ಡಿಎಚ್‌ಯು ಎನ್ನುವ ಲೆಕ್ಕ ನೂರು ಪೀಸಿಗೆ ಎಷ್ಟು ದೋಷ ಎಂದು ಹೇಳುತ್ತದೆ. ನೂರಕ್ಕೆ ಎಷ್ಟು ಪೀಸು ಕೆಟ್ಟಿವೆ ಎನ್ನುವುದು ಬೇರೆ ಲೆಕ್ಕ, ಮುಂದೆ ಬರುವ ಮಿತಿಗಳು ಈ ಎರಡನೆಯದಕ್ಕೆ ಮಾತ್ರ ಅನ್ವಯಿಸುತ್ತವೆ. ಹಾಳೆ ನೋಡುವವರಿಗೆ ಇಲ್ಲೊಂದು ಸುಲಭದ ಪರೀಕ್ಷೆಯಿದೆ. ದೋಷದ ಬಗೆಗಳ ಕಾಲಮುಗಳ ಮೊತ್ತ ದೋಷವಿರುವ ಪೀಸುಗಳ ಸಂಖ್ಯೆಗೆ ಸಮ ಇರಬಹುದು, ಹೆಚ್ಚಿರಬಹುದು, ಕಡಿಮೆ ಇರುವುದಂತೂ ಸಾಧ್ಯವಿಲ್ಲ. ಕಡಿಮೆ ಇದ್ದರೆ ಆ ಸಾಲಿನಲ್ಲಿ ಏನೋ ಬಿಟ್ಟುಹೋಗಿದೆ. ದಿನವೂ ಎರಡೂ ಕರಾರುವಾಕ್ಕಾಗಿ ಸಮವಿದ್ದರೆ, ಒಂದು ಶರ್ಟಿಗೆ ಒಂದೇ ತಪ್ಪು ಬರೆದು ಉಳಿದದ್ದನ್ನು ಕೈಬಿಡುತ್ತಿದ್ದಾರೋ ಏನೋ ಎಂದು ಚೆಕರ್ ಹತ್ತಿರ ವಿಚಾರಿಸಬೇಕು.

ಇನ್ನೊಂದು ತಪ್ಪು ಇಷ್ಟು ಸುಲಭವಾಗಿ ಸಿಗುವುದಿಲ್ಲ. ಆಲ್ಟರ್ ಆಗಿ ಬಂದ ಶರ್ಟನ್ನು ಮತ್ತೆ ನೋಡಬೇಕಷ್ಟೆ? ಹಾಗೆ ನೋಡಿದ್ದನ್ನು ಹೊಸ ಪೀಸಿನಂತೆ ಎಣಿಸಿದರೆ, 200ರ ಜಾಗದಲ್ಲಿ 212 ಕೂರುತ್ತದೆ. ದೋಷವಿದ್ದ 12 ಶರ್ಟು ಅಷ್ಟೇ ಇರುತ್ತವೆ, ದರ ಮಾತ್ರ ಶೇ. 6ರಿಂದ ಸುಮಾರು ಶೇ. 5.7ಕ್ಕೆ ಇಳಿಯುತ್ತದೆ. ಒಂದು ಶರ್ಟೂ ಸುಧಾರಿಸಲಿಲ್ಲ, ಕಾಗದ ಸುಧಾರಿಸಿತು. ಮೊದಲ ಸಲದ ತಪಾಸಣೆಯನ್ನೂ ಮರುತಪಾಸಣೆಯನ್ನೂ ಬೇರೆ ಬೇರೆ ಕಾಲಮಿನಲ್ಲಿ ಬರೆಯುವುದೇ ಇದಕ್ಕೆ ಪರಿಹಾರ.

ಈಗ ಮಿತಿಗಳ ವಿಷಯ. 1924ರ ಮೇ 16ರಂದು ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ವಾಲ್ಟರ್ ಶೂಹಾರ್ಟ್ ತಮ್ಮ ಮೇಲಧಿಕಾರಿಗೆ ಒಂದು ಪುಟ್ಟ ಟಿಪ್ಪಣಿ ಬರೆದರು, ಜೊತೆಗೊಂದು ನಕ್ಷೆಯ ಕರಡು. ಕಂಟ್ರೋಲ್ ಚಾರ್ಟ್ ಹುಟ್ಟಿದ್ದು ಅಲ್ಲಿ. ಟೆಲಿಫೋನ್ ಉಪಕರಣ ತಯಾರಿಸುವವರಿಗೆ ಅವರು ಹೇಳಿದ್ದು ಇಷ್ಟು: ಯಾವ ಕೆಲಸದಲ್ಲೂ ದಿನದಿಂದ ದಿನಕ್ಕೆ ಒಂದಿಷ್ಟು ಏರಿಳಿತ ಇದ್ದೇ ಇರುತ್ತದೆ, ಅದಕ್ಕೆ ಒಂದೊಂದು ದಿನಕ್ಕೂ ಬೇರೆ ಕಾರಣ ಹುಡುಕುವುದು ವ್ಯರ್ಥ. ಆ ಮಾಮೂಲಿ ಏರಿಳಿತವನ್ನು ಮೀರಿದ ದಿನಕ್ಕೆ ಮಾತ್ರ ವಿಶೇಷ ಕಾರಣ ಇರುತ್ತದೆ, ಅದನ್ನು ಹುಡುಕಿದರೆ ಸಿಗುತ್ತದೆ. ಅವರೆಡನ್ನೂ ಬೇರ್ಪಡಿಸುವ ಗೆರೆಯೇ ನಿಯಂತ್ರಣ ಮಿತಿ. ಪ್ರಶಾಂತಚಂದ್ರ ಮಹಾಲನೋಬಿಸ್ ಆಹ್ವಾನದ ಮೇಲೆ ಶೂಹಾರ್ಟ್ 1947-48ರಲ್ಲಿ ಭಾರತಕ್ಕೂ ಬಂದಿದ್ದರು. ಮಹಾಲನೋಬಿಸ್ ಸ್ಥಾಪಿಸಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಒಂದು ಕೇಂದ್ರ ಬೆಂಗಳೂರಿನ ಮೈಸೂರು ರಸ್ತೆಯಲ್ಲಿದೆ, ಗುಣಮಟ್ಟ ನಿಯಂತ್ರಣದ ಸಂಖ್ಯಾಶಾಸ್ತ್ರ ಅಲ್ಲಿ ಇಂದಿಗೂ ಒಂದು ಮುಖ್ಯ ವಿಭಾಗ.

ನಮ್ಮ ಹಾಳೆಗೆ ಈ ಲೆಕ್ಕ ಹಾಕುವುದು ಕಷ್ಟವೇನಲ್ಲ. ಇಪ್ಪತ್ತು ದಿನಕ್ಕೆ ನೋಡಿದ್ದು 4,000 ಶರ್ಟು, ದೋಷವಿದ್ದದ್ದು 240. ಸರಾಸರಿ ಶೇ. 6, ಅಂದರೆ 0.06. ಇದನ್ನು ಉಳಿದ ಭಾಗವಾದ 0.94ರಿಂದ ಗುಣಿಸಿ, 200ರಿಂದ ಭಾಗಿಸಿ, ವರ್ಗಮೂಲ ತೆಗೆದರೆ 0.0168 ಬರುತ್ತದೆ. ಅದರ ಮೂರು ಪಟ್ಟು ಸುಮಾರು 0.0504. ಸರಾಸರಿಗೆ ಇದನ್ನು ಕೂಡಿದರೆ ಮೇಲಿನ ಮಿತಿ ಶೇ. 11.04, ಕಳೆದರೆ ಕೆಳಗಿನ ಮಿತಿ ಶೇ. 0.96. ಶರ್ಟಿನ ಲೆಕ್ಕದಲ್ಲಿ ಹೇಳುವುದಾದರೆ 200ರಲ್ಲಿ 2ರಿಂದ 22ರವರೆಗೆ ಏನೇ ಬಂದರೂ ಈ ಲೈನಿಗೆ ಮಾಮೂಲಿ. ಒಂದು ದಿನ 5, ಇನ್ನೊಂದು ದಿನ 16 ಬಂದದ್ದಕ್ಕೆ ಯಾರನ್ನೂ ಹೊಗಳುವಂತಿಲ್ಲ, ಬೈಯುವಂತಿಲ್ಲ. ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ B ಕಾಲಮಿನಲ್ಲಿ ನೋಡಿದ ಪೀಸು, C ಕಾಲಮಿನಲ್ಲಿ ದೋಷವಿದ್ದ ಪೀಸು, F1 ಕೋಶದಲ್ಲಿ ಸರಾಸರಿ ಇದ್ದರೆ ಸೂತ್ರಗಳು ಇವು:

```
=SUM(C2:C21)/SUM(B2:B21)
=$F$1+3*SQRT($F$1*(1-$F$1)/B2)
=MAX(0,$F$1-3*SQRT($F$1*(1-$F$1)/B2))
```

ಮಿತಿ 22 ಎಂದಾದ ಮೇಲೆ 11ನೇ ದಿನದ 24, 12ನೇ ದಿನದ 23 ಎರಡೂ ಹೊರಗೆ ಬೀಳುತ್ತವೆ. ಶೇ. 12ರ ದಿನ ಗಾಬರಿಯಾಗಬೇಕಿತ್ತು ಎಂದದ್ದು ಇದಕ್ಕೇ.

ಎಷ್ಟೋ ಕಡೆ ಈ ಎರಡು ದಿನಗಳು ಯಾರ ಕಣ್ಣಿಗೂ ಬೀಳದೆ ಹೋಗುತ್ತವೆ. ಕಾರಣ STDEV. ಹಾಳೆ ತಯಾರಿಸಿದವರು ಇಪ್ಪತ್ತು ದಿನಗಳ ಶೇಕಡಾವಾರನ್ನು ಸಾಲಾಗಿ ಆಯ್ದು, ಸ್ಪ್ರೆಡ್‌ಶೀಟಿನ ಈ ಸಿದ್ಧ ಸೂತ್ರಕ್ಕೆ ಕೊಟ್ಟು, ಬಂದದ್ದನ್ನು ಮೂರರಿಂದ ಗುಣಿಸಿಬಿಡುತ್ತಾರೆ. ನಮ್ಮ ಸಂಖ್ಯೆಗಳಿಗೆ ಹಾಗೆ ಮಾಡಿದರೆ ಮೇಲಿನ ಮಿತಿ ಶೇ. 13.4ಕ್ಕೆ ಹೋಗುತ್ತದೆ, ಅಂದರೆ 26 ಶರ್ಟು. 24 ಮತ್ತು 23 ಎರಡೂ ತಣ್ಣಗೆ ಒಳಗೆ ಕೂರುತ್ತವೆ. ಆಗಿದ್ದೇನೆಂದರೆ, ಆ ಎರಡು ಕೆಟ್ಟ ದಿನಗಳೇ ಏರಿಳಿತವನ್ನು ಹಿಗ್ಗಿಸಿ ಮಿತಿಯನ್ನು ತಮ್ಮ ತಲೆಯ ಮೇಲಕ್ಕೆ ಎತ್ತಿಕೊಂಡವು. ಕಳ್ಳನೇ ಬೇಲಿಯ ಅಳತೆ ಕೊಟ್ಟಂತೆ. ಮೊದಲಿನ ಸೂತ್ರದಲ್ಲಿ ಈ ತೊಂದರೆ ಕಡಿಮೆ, ಯಾಕೆಂದರೆ ಅದು ದಿನಗಳ ನಡುವಿನ ಜಿಗಿತವನ್ನು ನೋಡುವುದೇ ಇಲ್ಲ. ಶೇ. 6 ದೋಷವಿರುವ ರಾಶಿಯಿಂದ 200 ಶರ್ಟು ಎತ್ತಿದರೆ ಬರೀ ಆಕಸ್ಮಿಕವಾಗಿ ಎಷ್ಟು ಏರುಪೇರಾದೀತು ಎನ್ನುವುದಷ್ಟೇ ಅದರ ಲೆಕ್ಕ. ಹಾಗಾಗಿ ಯಾರದ್ದೇ ಹಾಳೆ ಕೈಗೆ ಬಂದರೂ ಮಿತಿಯ ಕೋಶದ ಮೇಲೆ ಕ್ಲಿಕ್ ಮಾಡಿ ಒಳಗಿನ ಸೂತ್ರ ನೋಡುವುದು ಒಳ್ಳೆಯದು. ಅಲ್ಲಿ STDEV ಕಂಡರೆ ಹೊಸದಾಗಿ ಲೆಕ್ಕ ಹಾಕಬೇಕು. ಸೂತ್ರವೇ ಇಲ್ಲದೆ ಬರಿಯ ಸಂಖ್ಯೆ ಕಂಡರೆ ಅದು ಎಂದಿನದು, ಯಾವ ಲೈನಿನದು ಎಂದು ಕೇಳಬೇಕು.

ಗೆರೆ ದಾಟಿತು ಎಂದ ಮಾತ್ರಕ್ಕೆ ಕಾರಣ ಗೊತ್ತಾಗುವುದಿಲ್ಲ. ಅದಕ್ಕೆ ಅದೇ ಹಾಳೆಯ ಬೇರೆ ಕಾಲಮುಗಳಿಗೆ ಹೋಗಬೇಕು. ನಮ್ಮ ಮಾದರಿಯಲ್ಲಿ 11ನೇ ದಿನ ಮಧ್ಯಾಹ್ನದ ಮೇಲೆ ‘ಸ್ಕಿಪ್ ಸ್ಟಿಚ್’ ಎನ್ನುವ ಒಂದೇ ಕಾಲಮಿನಲ್ಲಿ ಗೆರೆಗಳು ಒತ್ತೊತ್ತಾಗಿ ಬಿದ್ದಿವೆ, ಎಲ್ಲವೂ ಪಕ್ಕದ ಹೊಲಿಗೆಯಲ್ಲಿ, ಎಂದುಕೊಳ್ಳೋಣ. ಪಕ್ಕದ ಹೊಲಿಗೆ ಎಂದರೆ ಓವರ್‌ಲಾಕ್ ಮೆಷಿನ್. ಮುರಿದ ಸೂಜಿಯ ಚೂರು ಬಟ್ಟೆಯಲ್ಲಿ ಉಳಿಯಬಾರದೆಂದು ಗಾರ್ಮೆಂಟ್ಸ್‌ನಲ್ಲಿ ಮುರಿದ ಸೂಜಿಗಳಿಗೇ ಒಂದು ರಿಜಿಸ್ಟರ್ ಇರುತ್ತದೆ, ಚೂರುಗಳನ್ನು ಜೋಡಿಸಿ ಟೇಪಿನಿಂದ ಅದರಲ್ಲಿ ಅಂಟಿಸುತ್ತಾರೆ. ಆ ರಿಜಿಸ್ಟರ್ ತೆರೆದರೆ ಅಂದು ಊಟದ ಹೊತ್ತಿಗೆ ಅದೇ ಮೆಷಿನ್ನಿನ ಸೂಜಿ ಮುರಿದದ್ದು, ಬದಲಿಗೆ ಆ ದಾರಕ್ಕೆ ಬೇಕಾದದ್ದಕ್ಕಿಂತ ಸಣ್ಣ ನಂಬರಿನ ಸೂಜಿ ಹಾಕಿದ್ದು ಸಿಗುತ್ತದೆ. ದಪ್ಪ ದಾರಕ್ಕೆ ಸಣ್ಣ ಸೂಜಿಯಾದರೆ ದಾರದ ಕುಣಿಕೆ ಸರಿಯಾಗಿ ನಿಲ್ಲದೆ ಹೊಲಿಗೆ ತಪ್ಪುತ್ತದೆ. 13ನೇ ದಿನ ಮೆಕ್ಯಾನಿಕ್ ಸರಿಯಾದ ಸೂಜಿ ಹಾಕಿದ, ಸಂಖ್ಯೆ 13ಕ್ಕೆ ಇಳಿಯಿತು.

ಕಾರಣ ಸಿಕ್ಕಿ, ಅದನ್ನು ಸರಿಪಡಿಸಿದ ಮೇಲೆ ಮಾತ್ರ ಆ ಎರಡು ದಿನಗಳನ್ನು ಸರಾಸರಿಯಿಂದ ತೆಗೆಯಬಹುದು. ಆಗ 3,600 ಶರ್ಟಿನಲ್ಲಿ 193, ಸರಾಸರಿ ಶೇ. 5.36, ಮೇಲಿನ ಮಿತಿ ಶೇ. 10.1. ಇನ್ನು ಮುಂದೆ 21 ಬಂದರೂ ಹುಡುಕಾಟ ಶುರುವಾಗಬೇಕು. ಕಾರಣ ಸಿಗದಿದ್ದರೆ ದಿನಗಳನ್ನು ಹಾಗೇ ಬಿಡಬೇಕು. ಚಂದ ಕಾಣಲಿ ಎಂದು ಕೆಟ್ಟ ದಿನಗಳನ್ನು ಅಳಿಸುವುದು ಹಾಳೆಗೆ ಮಾಡುವ ಮೋಸ.

ಈಗ ಶೇ. 14ರ ದಿನ. 21ನೇ ದಿನ ಶನಿವಾರ, ಬಟ್ಟೆ ತಡವಾಗಿ ಬಂದು ನೋಡಲು ಸಿಕ್ಕಿದ್ದು 50 ಶರ್ಟು, ಅದರಲ್ಲಿ 7 ಕೆಟ್ಟಿವೆ. “ಏನಕ್ಕಾ ಇದು, ಹದಿನಾಲ್ಕು ಪರ್ಸೆಂಟು?” ಎಂದು ಲೈನ್ ಇನ್‌ಚಾರ್ಜ್ ಕೇಳುವುದು ಸಹಜ. ಶೇ. 10.1ರ ಗೆರೆ ನೇರವಾಗಿ ಎಳೆದಿರುವ ನಕ್ಷೆಯಲ್ಲಿ ಆ ಚುಕ್ಕಿ ಎಲ್ಲೋ ಮೇಲೆ ಕೂರುತ್ತದೆ. ಆದರೆ ಆ ಗೆರೆ 200 ಶರ್ಟಿನ ದಿನದ್ದು. ಕಡಿಮೆ ಪೀಸು ನೋಡಿದಷ್ಟೂ ಶೇಕಡಾ ಹೆಚ್ಚು ಹೊಯ್ದಾಡುತ್ತದೆ, ಮಿತಿಯೂ ಅಗಲವಾಗಬೇಕು. ಮೇಲಿನ ಸೂತ್ರದಲ್ಲಿ B ಕಾಲಮಿಗೆ 50 ಕೊಟ್ಟರೆ ಮೇಲಿನ ಮಿತಿ ಶೇ. 14.9. ಏಳು ಶರ್ಟು ಒಳಗೇ ಇದೆ. ಎಂಟಾಗಿದ್ದರೆ ಶೇ. 16, ಅದು ಹೊರಗೆ. ತಿಂಗಳ ಸರಾಸರಿಗೆ ದಿನದ ಶೇಕಡಾಗಳನ್ನು ಕೂಡಿ ಭಾಗಿಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಹಾಗೆ ಮಾಡಿದರೆ 50 ಶರ್ಟಿನ ಶನಿವಾರಕ್ಕೂ 200 ಶರ್ಟಿನ ಸೋಮವಾರಕ್ಕೂ ಸಮನಾದ ತೂಕ ಸಿಗುತ್ತದೆ.

ಮ್ಯಾನೇಜರ್ ಹಾಕಿದ ಗುರಿಯನ್ನು ಮಿತಿಯೆಂದು ಎಳೆಯುವುದೂ ಉಂಟು. ಶೇ. 5ರ ಗೆರೆ ಎಳೆದರೆ ನಮ್ಮ ಹಾಳೆಯ 20 ದಿನಗಳಲ್ಲಿ 11 ದಿನ ಗೆರೆ ದಾಟುತ್ತವೆ, ಹನ್ನೊಂದು ಸಲ ವಿಚಾರಣೆ ನಡೆಯುತ್ತದೆ. ಅಷ್ಟರಲ್ಲಿ ಸೂಜಿಯ ಕಾರಣವಿದ್ದದ್ದು ಎರಡು ದಿನ ಮಾತ್ರ, ಅವು ಉಳಿದ ಒಂಬತ್ತರ ಗದ್ದಲದಲ್ಲಿ ಕಳೆದುಹೋಗುತ್ತವೆ. ಬೈಗುಳ ತಪ್ಪಿಸಿಕೊಳ್ಳಲು ಚೆಕರ್ ಒಂದೆರಡು ಗೆರೆ ಬಿಟ್ಟರೆ ಆಶ್ಚರ್ಯವೂ ಇಲ್ಲ. ಹಾಳೆಯಲ್ಲಿ ಒಂದು ದಿನ 200ಕ್ಕೆ 1 ಎಂದು ಬಂದರೆ ಅದು ಕೆಳಗಿನ ಮಿತಿಯನ್ನು ದಾಟಿದಂತೆ. ಆಗ ಚಪ್ಪಾಳೆಗೆ ಮೊದಲು ಅಂದು ಟೇಬಲಿನಲ್ಲಿ ನಿಂತಿದ್ದವರು ಯಾರು, ನಿಜಕ್ಕೂ 200 ನೋಡಿದರೋ ಎಂದು ತಿಳಿದುಕೊಳ್ಳಬೇಕಾಗುತ್ತದೆ.

ಈ ಸೂತ್ರಕ್ಕೂ ಒಂದು ಗಡಿಯಿದೆ. ದಿನಕ್ಕೆ 5,000 ಪೀಸು ನೋಡುವ ಕಡೆ, ಸರಾಸರಿ ಶೇ. 6 ಇದ್ದರೆ ಮಿತಿಗಳು ಸುಮಾರು ಶೇ. 5 ಮತ್ತು ಶೇ. 7ಕ್ಕೆ ಬಂದು ನಿಲ್ಲುತ್ತವೆ. ಶರ್ಟಿನ ಮಾದರಿ ಬದಲಾದರೂ, ಹೊಸಬರು ಮೆಷಿನ್ನಿಗೆ ಕೂತರೂ ಅಷ್ಟು ಸಣ್ಣ ಕಿಂಡಿಯನ್ನು ದಾಟಿಬಿಡುತ್ತದೆ, ದಿನವೂ ಗಂಟೆ ಹೊಡೆಯುತ್ತದೆ. ಅಂಥ ಕಡೆ ದಿನದ ದರವನ್ನೇ ಒಂದು ಅಳತೆಯೆಂದು ತೆಗೆದುಕೊಂಡು, ಒಂದು ದಿನಕ್ಕೂ ಅದರ ಮರುದಿನಕ್ಕೂ ಇರುವ ವ್ಯತ್ಯಾಸಗಳ ಸರಾಸರಿಯಿಂದ ಮಿತಿ ಕಟ್ಟುತ್ತಾರೆ. ಇಲ್ಲೂ STDEV ಬೇಕಾಗುವುದಿಲ್ಲ.