ಪರಿಚಯಿಸಿ ಪಕ್ಕಕ್ಕೆ ಸರಿಯುವ ಇಮೇಲ್

ಶಿರಸಿ ಕಡೆಯ ಸುಮಾ ಎಂಬವರು ಮುರುಗಲು ಸಿರಪ್ ಮಾಡಿ ಮಾರುತ್ತಾರೆ ಎಂದಿಟ್ಟುಕೊಳ್ಳೋಣ. ಬೇಸಿಗೆ ಬಂತೆಂದರೆ ಕೆಲವು ಬಾಟಲಿಗಳ ಮುಚ್ಚಳ ಉಬ್ಬುತ್ತದೆ, ಅಂಗಡಿಯವರು ಮಾಲು ವಾಪಸು ಕಳಿಸುತ್ತಾರೆ. ಮೈಸೂರಿನ ರಘು ಆಹಾರ ಪ್ಯಾಕಿಂಗ್ ಕೆಲಸದಿಂದ ನಿವೃತ್ತರಾದವರು. ಸಿರಪ್‌ನಂಥದ್ದನ್ನು ಬಿಸಿಯಿರುವಾಗಲೇ ಬಾಟಲಿಗೆ ತುಂಬುವ ಪುಟ್ಟ ಯಂತ್ರವೊಂದನ್ನು ಅವರು ಮಾಡಿಕೊಂಡಿದ್ದಾರೆ, ಅದನ್ನು ಬಳಸಿ ನೋಡುವ ಸಣ್ಣ ಉತ್ಪಾದಕರು ಬೇಕಾಗಿದ್ದಾರೆ. ಇಬ್ಬರನ್ನೂ ಬಲ್ಲವರು ಗೀತಾ.

ಗೀತಾ ತಕ್ಷಣ ಇಬ್ಬರ ವಿಳಾಸವನ್ನೂ ಹಾಕಿ ಒಂದು ಇಮೇಲ್ ಕಳಿಸಿಬಿಡಬಹುದು. ಎಡವಟ್ಟು ಹುಟ್ಟುವುದು ಅಲ್ಲಿಯೇ. ರಘು ಆ ತಿಂಗಳು ಮಗಳ ಮದುವೆಯ ಓಡಾಟದಲ್ಲಿದ್ದರೆ, ಬೇಡ ಎನ್ನುವುದಕ್ಕೂ ಅವರಿಗೆ ದಾರಿಯಿಲ್ಲ: ಸುಮಾ ಎದುರಿಗೇ ಕೂತಿದ್ದಾರೆ. ಹಾಗಾಗಿ ಮೊದಲು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಬೇಕು. ಅಮೆರಿಕದ ಹೂಡಿಕೆದಾರ ಫ್ರೆಡ್ ವಿಲ್ಸನ್ 2009ರಲ್ಲಿ ಈ ಕ್ರಮದ ಬಗ್ಗೆ ಬರೆದರು. ಉದ್ಯಮ ವಲಯದಲ್ಲಿ ಇದು ಈಗ ‘ಡಬಲ್ ಆಪ್ಟ್-ಇನ್’ ಎಂದೇ ಪರಿಚಿತ.

ಕೇಳುವುದಕ್ಕೂ ಒಂದು ಹದವಿದೆ. ತನ್ನ ತೊಂದರೆ ಏನು, ರಘು ಅವರಿಂದ ಬೇಕಾದದ್ದೇನು ಎಂಬುದನ್ನು ಸುಮಾ ನಾಲ್ಕೈದು ಸಾಲಿನಲ್ಲಿ ಬರೆದು ಕೊಡುವುದು ಒಳ್ಳೆಯದು. ಗೀತಾ ಅದನ್ನು ಹಾಗೆಯೇ ರಘು ಅವರಿಗೆ ಕಳಿಸಿ, ‘ಈಗ ಆಗದಿದ್ದರೆ ದಯವಿಟ್ಟು ಸಂಕೋಚವಿಲ್ಲದೆ ಹೇಳಿ’ ಎಂದು ಒಂದು ಸಾಲು ಸೇರಿಸಿದರೆ ಸಾಕು. ಉಬ್ಬಿದ ಮುಚ್ಚಳ ತನ್ನ ಕೆಲಸದ ವ್ಯಾಪ್ತಿಗೆ ಬರುತ್ತದೋ ಇಲ್ಲವೋ ಎಂಬುದು ರಘು ಅವರಿಗೆ ಸುಮಾ ಅವರ ಮಾತಿನಲ್ಲೇ ಸ್ಪಷ್ಟವಾಗುತ್ತದೆ. ನಡುವಿನವರ ಬಾಯಲ್ಲಿ ಅದು ಮಸುಕಾಗಬಹುದು.

ಇಬ್ಬರೂ ಒಪ್ಪಿದ ಮೇಲೆ ಪರಿಚಯದ ಪತ್ರ. ವಿಷಯದ ಸಾಲಿನಲ್ಲಿ ‘ಪರಿಚಯ’ ಎಂದಷ್ಟೇ ಬರೆದರೆ ತಿಂಗಳ ನಂತರ ಹುಡುಕಿದರೂ ಸಿಗದು. ‘ಸುಮಾ – ರಘು: ಮುರುಗಲು ಸಿರಪ್ ತುಂಬುವ ಬಗ್ಗೆ’ ಎಂದಿದ್ದರೆ ಸಿಗುತ್ತದೆ. ಒಳಗೆ ಹೀಗಿರಬಹುದು:

‘ರಘು ಅವರೇ, ಸುಮಾ ಅವರ ಸಿರಪ್ಪನ್ನು ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಕುಡಿಯುತ್ತಿದ್ದೇವೆ. ಬಾಟಲಿ ಉಬ್ಬುವ ತೊಂದರೆ ಅವರೇ ಬರೆದದ್ದನ್ನು ನೀವು ಓದಿದ್ದೀರಿ. ಸುಮಾ ಅವರೇ, ರಘು ಅವರು ತಮ್ಮ ಯಂತ್ರವನ್ನು ಸಣ್ಣ ಘಟಕದಲ್ಲಿ ಇಟ್ಟು ನೋಡಬೇಕೆಂದಿದ್ದಾರೆ. ನೀವೇ ಅವರಿಗೆ ಮೊದಲು ಬರೆದು, ಅನುಕೂಲದ ಎರಡು ದಿನ ತಿಳಿಸಿ. ಮುಂದಿನದು ನಿಮ್ಮಿಬ್ಬರಿಗೆ ಬಿಟ್ಟದ್ದು. ಉತ್ತರಿಸುವಾಗ ನನ್ನ ವಿಳಾಸ ತೆಗೆದುಬಿಡಿ, ಏನೂ ಅಂದುಕೊಳ್ಳುವುದಿಲ್ಲ.’

ಈ ಪತ್ರದಲ್ಲಿ ಗೀತಾ ತಾನು ಕಂಡದ್ದನ್ನಷ್ಟೇ ಹೇಳಿದ್ದಾರೆ. ಸಿರಪ್ಪಿನ ರುಚಿ ಗೊತ್ತು. ಸುಮಾ ಅವರ ಲೆಕ್ಕಪತ್ರ ಗೊತ್ತಿಲ್ಲ, ಅದರ ಮಾತೂ ಇಲ್ಲ. ಈ ಎಚ್ಚರಿಕೆ ಹಳೆಯದು. 1777ರಲ್ಲಿ ಪ್ಯಾರಿಸ್‌ನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಬಳಿ ಅಮೆರಿಕಕ್ಕೆ ಹೊರಟ ಅಪರಿಚಿತರು ಶಿಫಾರಸು ಪತ್ರಕ್ಕಾಗಿ ದುಂಬಾಲು ಬೀಳುತ್ತಿದ್ದರು. ಬೇಸತ್ತ ಅವರು ಒಂದು ಮಾದರಿ ಪತ್ರ ಬರೆದಿಟ್ಟರು: ಇದನ್ನು ತರುವವನು ಯಾರೋ ನನಗೆ ಗೊತ್ತಿಲ್ಲ, ಅವನ ಗುಣವನ್ನು ಅವನನ್ನೇ ಕೇಳಿ ತಿಳಿಯಿರಿ ಎಂಬುದು ಅದರ ಸಾರ. ಆ ಕಾಲದ ಪರಿಚಯ ಪತ್ರಗಳನ್ನು ಮುದ್ರೆ ಒತ್ತದೆ, ತೆರೆದಂತೆಯೇ ಕೊಡುವ ಶಿಷ್ಟಾಚಾರವೂ ಇತ್ತು. ತನ್ನ ಬಗ್ಗೆ ಏನು ಬರೆದಿದೆ ಎಂದು ಒಯ್ಯುವವನೂ ಓದಬಹುದಿತ್ತು. ಇಬ್ಬರೂ ಓದುವ ಇಮೇಲಿಗೂ ಅದೇ ಶಿಸ್ತು ಬೇಕು.

ಇನ್ನು ಸರಿಯುವ ಬಗೆ. ಸುಮಾ ಉತ್ತರಿಸುವಾಗ ಗೀತಾ ಅವರ ವಿಳಾಸವನ್ನು To ಇಂದ Bcc ಗೆ ದಾಟಿಸಿ, ‘ಗೀತಾ ಅವರಿಗೆ ಧನ್ಯವಾದ, ಅವರನ್ನು Bcc ಗೆ ಹಾಕಿದ್ದೇನೆ’ ಎಂದು ಮೊದಲ ಸಾಲಿನಲ್ಲೇ ಬರೆಯಬೇಕು. Bcc ಯಲ್ಲಿರುವವರ ಹೆಸರು ಉಳಿದವರಿಗೆ ಕಾಣದು. ಆದ್ದರಿಂದ ರಘು Reply all ಒತ್ತಿದರೂ ಆ ಉತ್ತರ ಗೀತಾ ಅವರಿಗೆ ಹೋಗದು. ಮಾತು ಶುರುವಾಯಿತೆಂದು ಗೀತಾ ಅವರಿಗೆ ತಿಳಿಯುತ್ತದೆ, ಆಮೇಲಿನ ದಿನಾಂಕದ ಚರ್ಚೆ, ದರದ ಚೌಕಾಸಿ ಅವರ ಕಣ್ಣಿಗೆ ಬೀಳದು. ದರದ ಮಾತು ಮೂರನೆಯವರ ಮುಂದೆ ಬಿಗಿಯಾಗುತ್ತದೆ, ಅದಕ್ಕೇ ಈ ಮರೆ ಬೇಕು. ಒಂದು ಎಚ್ಚರ ಗೀತಾ ಅವರಿಗೂ ಇದೆ: Bcc ಯಲ್ಲಿ ಬಂದ ಆ ಪತ್ರಕ್ಕೆ ಅವರೇ Reply all ಒತ್ತಿದರೆ ಮತ್ತೆ ಮಾತಿನ ನಡುವೆ ಬಂದು ನಿಂತಂತೆ. ಧನ್ಯವಾದಕ್ಕೆ ಉತ್ತರಿಸಬೇಕೆನಿಸಿದರೆ ಸುಮಾ ಒಬ್ಬರಿಗೇ ಬರೆಯುವುದು ಸರಿ.

ಒಂದು ವಾರ ಕಳೆದರೂ ಸುಮಾ ಅವರ ಆ ಪತ್ರದ ಪ್ರತಿ ಬರದಿದ್ದರೆ, ಗೀತಾ ಸುಮಾ ಅವರಿಗೆ ಒಮ್ಮೆ ಫೋನ್ ಮಾಡಿ ನೆನಪಿಸಬಹುದು, ಏಕೆಂದರೆ ಮೊದಲು ಬರೆಯುವ ಹೊಣೆ ಅವರದು. ರಘು ಅವರನ್ನು ಕೇಳುವ ಅಗತ್ಯವಿಲ್ಲ. ಯಂತ್ರ ಶಿರಸಿಗೆ ಬಂತೇ, ಬಾಟಲಿ ಉಬ್ಬುವುದು ನಿಂತಿತೇ ಎಂಬ ಸುದ್ದಿಯನ್ನು ಅವರಿಬ್ಬರೇ ಹೇಳಲಿ ಎಂದು ಬಿಡಬೇಕು. ವ್ಯವಹಾರ ಕುದುರದಿದ್ದರೂ ಅದರ ಕಾರಣವನ್ನು ಗೀತಾ ಅವರಿಗೆ ವಿವರಿಸುವ ಹಂಗು ಇಬ್ಬರಿಗೂ ಇಲ್ಲ.