ಕಂಪನಿ ನಿಂತಿತು, ಸ್ಕೂಟರ್ ಉಳಿಯಿತು

ಅಥಣಿ ತಾಲ್ಲೂಕಿನ ಸತ್ತಿಯಲ್ಲಾಗಲಿ, ಆಚೀಚೆಯ ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆಯಲ್ಲಾಗಲಿ ಹಳೆ ಗಾಡಿ ಕೊಳ್ಳುವ ವಿದ್ಯೆ ಎಲ್ಲರಿಗೂ ಗೊತ್ತು. ಕಿಕ್ ಹೊಡೆದು ಎಂಜಿನ್ ಶಬ್ದ ಕೇಳಬೇಕು, ಸೈಲೆನ್ಸರಿನ ಹೊಗೆ ನೋಡಬೇಕು, ಆಯಿಲ್ ಸೋರಿದೆಯೇ ಎಂದು ಕೆಳಗೆ ಬಗ್ಗಬೇಕು. ಎಲೆಕ್ಟ್ರಿಕ್ ಸ್ಕೂಟರಿನ ಮುಂದೆ ಈ ವಿದ್ಯೆ ಕೆಲಸಕ್ಕೆ ಬರುವುದಿಲ್ಲ. ಅದು ಕೆಟ್ಟಿದ್ದರೂ ಸುಮ್ಮನೆ ಓಡುತ್ತದೆ. ಮಾರುವವರ ಮಾತೂ ಒಂದೇ: ‘ಬ್ಯಾಟರಿ ಚಲೋ ಐತ್ರಿ, ಕಂಪನಿದ ಐತಿ.’ ಆ ಕಂಪನಿ ಈಗ ಎಲ್ಲಿದೆ ಎಂಬುದೇ ಕೇಳಬೇಕಾದ ಮೊದಲ ಪ್ರಶ್ನೆ.

2021 ಮತ್ತು 2022ರಲ್ಲಿ ಮಾರಾಟವಾದ ಸಾವಿರಾರು ಸ್ಕೂಟರುಗಳು ಈಗ ಎರಡನೇ, ಮೂರನೇ ಕೈಗೆ ಬಂದಿವೆ. ಬೆಲೆ ಅಗ್ಗ. ಅಗ್ಗವಾದದ್ದೇಕೆ ಎಂದು ತಿಳಿಯಲು ಸಬ್ಸಿಡಿಯ ಕಥೆಗೆ ಹೋಗಬೇಕು.

ಸಬ್ಸಿಡಿ ಏರಿದ್ದು, ನಿಂತದ್ದು

ಕೇಂದ್ರ ಸರ್ಕಾರದ ಫೇಮ್-2 ಯೋಜನೆ 2019ರ ಏಪ್ರಿಲ್‌ನಲ್ಲಿ ಶುರುವಾಯಿತು. ಬ್ಯಾಟರಿಯಲ್ಲಿ ಹಿಡಿಯುವ ಪ್ರತಿ ಯೂನಿಟ್ ವಿದ್ಯುತ್ತಿಗೆ, ಅಂದರೆ ಪ್ರತಿ ಕಿಲೋವ್ಯಾಟ್-ಅವರ್‌ಗೆ, 10,000 ರೂಪಾಯಿ ಸಬ್ಸಿಡಿ. 2021ರ ಜೂನ್‌ನಲ್ಲಿ ಅದು 15,000ಕ್ಕೆ ಏರಿತು. ಗಾಡಿಯ ಬೆಲೆಯ ಶೇ 40ರವರೆಗೂ ಕೊಡಬಹುದು ಎಂದಾಯಿತು. ಪೆಟ್ರೋಲು ನೂರು ರೂಪಾಯಿ ದಾಟಿದ್ದ ಕಾಲವದು. ತಾಲ್ಲೂಕು ಊರುಗಳಲ್ಲೂ ಷೋರೂಮುಗಳು ತೆರೆದವು. ಆಗ ಮಾರಾಟದಲ್ಲಿ ಮುಂದಿದ್ದ ಹೆಸರುಗಳು ಹೀರೋ ಎಲೆಕ್ಟ್ರಿಕ್ ಮತ್ತು ಒಕಿನಾವಾ.

ಯೋಜನೆಯ ಕೀಲು ಒಂದು ಜಾಗದಲ್ಲಿತ್ತು. ಗಿರಾಕಿಗೆ ಸಬ್ಸಿಡಿಯನ್ನು ಕಂಪನಿ ಮೊದಲೇ ಬೆಲೆಯಲ್ಲಿ ಕಳೆದು ಕೊಡಬೇಕು, ಆಮೇಲೆ ಸರ್ಕಾರದಿಂದ ಆ ಹಣ ಪಡೆಯಬೇಕು. ಬಿಡಿಭಾಗಗಳನ್ನು ದೇಶದೊಳಗೇ ತಯಾರಿಸಬೇಕೆಂಬ ನಿಯಮವನ್ನು ಕೆಲವು ಕಂಪನಿಗಳು ಪಾಲಿಸಿಲ್ಲ ಎಂಬ ದೂರಿನ ಮೇಲೆ ಭಾರಿ ಕೈಗಾರಿಕೆಗಳ ಸಚಿವಾಲಯ 2022ರಲ್ಲಿ ತನಿಖೆ ಹೂಡಿ ಹಣ ತಡೆಹಿಡಿಯಿತು. ಮರುವರ್ಷ, ಕೊಟ್ಟ ಸಬ್ಸಿಡಿಯನ್ನೂ ಹಿಂತಿರುಗಿಸಿ ಎಂದು ನೋಟಿಸ್ ಕಳಿಸಿತು. ಕೆಲವು ಕಂಪನಿಗಳು ಹಣ ಕಟ್ಟಿ ಮುಂದೆ ಹೋದವು. ಹೀರೋ ಎಲೆಕ್ಟ್ರಿಕ್, ಒಕಿನಾವಾ, ಬೆನ್‌ಲಿಂಗ್ ಯೋಜನೆಯಿಂದ ಹೊರಬಿದ್ದವು. ಮಾರಿದ ಪ್ರತಿ ಗಾಡಿಯ ಮೇಲೆ ಕೈಯಿಂದ ಹಾಕಿದ ಹಣ ವಾಪಸು ಬಾರದಾದಾಗ ದುಡಿಯುವ ಬಂಡವಾಳವೇ ಬತ್ತಿತು. 2024ರ ಡಿಸೆಂಬರ್‌ನಲ್ಲಿ, ಟೈರು ಪೂರೈಸಿದ್ದ ಕಂಪನಿಯೊಂದರ ಬಾಕಿಯ ಅರ್ಜಿಯ ಮೇಲೆ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಹೀರೋ ಎಲೆಕ್ಟ್ರಿಕ್ ಮೇಲೆ ದಿವಾಳಿ ಪ್ರಕ್ರಿಯೆ ಆರಂಭಿಸಿತು.

ಕಂಪನಿ ಈ ಹಂತ ತಲುಪಿದರೆ ವಾರಂಟಿ ಕಾರ್ಡು ಬರೀ ಕಾಗದ. ಗಿರಾಕಿಯೂ ಸಾಲಗಾರರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಆ ಸಾಲು ಉದ್ದವಿರುತ್ತದೆ.

ಇಲ್ಲೊಂದು ಎಚ್ಚರ. ‘ಹೀರೋ ಕಂಪನೀದ ಐತ್ರಿ, ಎಲ್ಲಾ ಕಡೆ ಸರ್ವಿಸ್ ಅದ’ ಎಂದು ಮಾರುವವರಿದ್ದಾರೆ. ಬೈಕು ಮಾಡುವ ಹೀರೋ ಮೋಟೋಕಾರ್ಪ್ ಬೇರೆ, ಹೀರೋ ಎಲೆಕ್ಟ್ರಿಕ್ ಬೇರೆ. ಮೊದಲನೆಯದರ ಎಲೆಕ್ಟ್ರಿಕ್ ಸ್ಕೂಟರಿನ ಹೆಸರು ವಿಡಾ, ಅದು ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಬೈಕಿನ ಷೋರೂಮಿಗೆ ಹೀರೋ ಎಲೆಕ್ಟ್ರಿಕ್ ಗಾಡಿ ತಳ್ಳಿಕೊಂಡು ಹೋದರೆ ರಿಪೇರಿ ಆಗುವುದಿಲ್ಲ.

ಬ್ಯಾಟರಿಯ ವಯಸ್ಸು

ಆರ್‌ಸಿ ಮೇಲಿನ ತಾರೀಖು ಗಾಡಿ ನೋಂದಣಿಯಾದ ದಿನ. ಬ್ಯಾಟರಿಯ ವಯಸ್ಸು ಅದಕ್ಕಿಂತ ಹೆಚ್ಚಿರಬಹುದು. ಮಾರಾಟ ಕುಸಿದಾಗ ಗೋದಾಮಿನಲ್ಲಿ ಉಳಿದ ಗಾಡಿಗಳು ತಡವಾಗಿ ನೋಂದಣಿ ಆಗುತ್ತವೆ. ಲಿಥಿಯಂ ಕೋಶ ಓಡಿಸದಿದ್ದರೂ ಹಳತಾಗುತ್ತದೆ. ಪೂರ್ತಿ ಚಾರ್ಜಿನಲ್ಲಿ ಬಿಸಿಲಿನ ತಗಡಿನ ಷೆಡ್ಡಿನಲ್ಲಿ ಇಟ್ಟರೆ ಇನ್ನೂ ಬೇಗ. ಆದ್ದರಿಂದ ಸೀಟು ಎತ್ತಿಸಿ, ಬ್ಯಾಟರಿ ಪೆಟ್ಟಿಗೆಯ ಮೇಲಿನ ಸ್ಟಿಕ್ಕರಿನಲ್ಲಿ ತಯಾರಾದ ತಿಂಗಳು, ವರ್ಷ ನೋಡಿ. ಸ್ಟಿಕ್ಕರ್ ಕಿತ್ತಿದ್ದರೆ, ಸ್ಕ್ರೂ ತಲೆ ಸವೆದಿದ್ದರೆ ಪೆಟ್ಟಿಗೆ ಬಿಚ್ಚಿದ್ದಾರೆ ಎಂದೇ ಅರ್ಥ. ಗಂಟೆಗೆ 25 ಕಿ.ಮೀ. ಮೀರದ, 250 ವ್ಯಾಟ್ ಮೋಟಾರಿನ ಗಾಡಿಗಳಿಗೆ ನೋಂದಣಿಯೇ ಬೇಡವಾದ್ದರಿಂದ ಅವುಗಳ ವಯಸ್ಸಿಗೆ ಬೇರೆ ಸರ್ಕಾರಿ ದಾಖಲೆ ಇರುವುದಿಲ್ಲ.

ಮೀಟರು ಹಚ್ಚಿ ವೋಲ್ಟೇಜ್ ತೋರಿಸಿದರೆ ನಂಬಬೇಡಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಅರ್ಧ ಚಾರ್ಜಿದ್ದಾಗಲೂ ಮುಕ್ಕಾಲು ಇದ್ದಾಗಲೂ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ. ಸವೆದ ಬ್ಯಾಟರಿಯೂ ನಿಂತಲ್ಲಿ ಚೆಂದದ ಅಂಕಿಯನ್ನೇ ತೋರಿಸುತ್ತದೆ. ತಿಳಿಯಬೇಕಾದದ್ದು ಅದರ ಹೊಟ್ಟೆಯಲ್ಲಿ ಎಷ್ಟು ಹಿಡಿಯುತ್ತದೆ ಎಂಬುದು.

ಅದಕ್ಕೆ ಮನೆಯ ಹೆಸ್ಕಾಂ ಮೀಟರೇ ಸಾಕು. ಒಂದು ಉದಾಹರಣೆ ನೋಡೋಣ. ಬ್ಯಾಟರಿಯ ಮೇಲೆ 51.2 ವೋಲ್ಟ್, 30 ಆಂಪಿಯರ್-ಅವರ್ ಎಂದಿದೆ. ಚಾರ್ಜರಿನ ಮೇಲೆ 58.4 ವೋಲ್ಟ್, 6 ಆಂಪಿಯರ್ ಎಂದಿದೆ. ಗಾಡಿಯನ್ನು ಕೊನೆಯ ಗೆರೆ ಬರುವವರೆಗೆ ಓಡಿಸಿ. ನಂತರ ಮನೆಯ ಉಳಿದೆಲ್ಲ ಸ್ವಿಚ್ ಆರಿಸಿ, ಮೀಟರಿನ ಅಂಕಿ ಮತ್ತು ಗಡಿಯಾರ ಬರೆದುಕೊಂಡು ಚಾರ್ಜಿಗೆ ಹಚ್ಚಿ. ಹೊಸ ಬ್ಯಾಟರಿಗೆ 30ನ್ನು 6ರಿಂದ ಭಾಗಿಸಿದಷ್ಟು, ಅಂದರೆ 5 ಗಂಟೆ ಹಾಗೂ ಕೊನೆಯಲ್ಲಿ ಸ್ವಲ್ಪ ಹೊತ್ತು ಬೇಕು. ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವುದನ್ನೂ ಸೇರಿಸಿ ಸುಮಾರು 1.8 ಯೂನಿಟ್ ಓಡುತ್ತದೆ. ನಿಮ್ಮ ಮುಂದಿನ ಗಾಡಿ 3 ಗಂಟೆಗೇ ಹಸಿರು ದೀಪ ತೋರಿಸಿ, ಮೀಟರು 1.1 ಯೂನಿಟ್ ಮಾತ್ರ ಓಡಿದರೆ, ಉಳಿದಿರುವುದು ಶೇ 60ರ ಆಸುಪಾಸು. ಹೊಸದಿದ್ದಾಗ 60 ಕಿ.ಮೀ. ಹೋಗುತ್ತಿದ್ದದ್ದು ಈಗ 36ಕ್ಕೆ ನಿಲ್ಲುತ್ತದೆ. ಸಾಮರ್ಥ್ಯ ಶೇ 70ಕ್ಕೆ ಇಳಿದರೆ ಬ್ಯಾಟರಿ ಬದಲಿಸುವ ಕಾಲ ಹತ್ತಿರ ಬಂತೆಂದು ಕಂಪನಿಗಳ ವಾರಂಟಿ ಲೆಕ್ಕವೇ ಹೇಳುತ್ತದೆ. ಸಮಯ ಹೆಚ್ಚು, ಯೂನಿಟ್ ಕಡಿಮೆ ಬಂದರೆ ಚಾರ್ಜರೂ ಸೊರಗಿದೆ ಎಂದು ತಿಳಿಯಿರಿ.

ಇನ್ನೊಂದು ಪರೀಕ್ಷೆ ಭಾರದ್ದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತಿಸಿ. ನಿಪ್ಪಾಣಿಯವರಿಗೆ ತವಂದಿ ಘಾಟ್ ಇದೆ, ಬಯಲಿನವರಿಗೆ ರೈಲ್ವೆ ಮೇಲ್ಸೇತುವೆ ಸಾಕು. ಗೆರೆ ಅರ್ಧವಿದ್ದಾಗಲೇ ಗಾಡಿ ತಟ್ಟನೆ ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಚಾಲೂ ಆದರೆ, ಒಂದೆರಡು ಕೋಶಗಳು ಉಳಿದವಕ್ಕಿಂತ ಬಡವಾಗಿವೆ.

ನಮ್ಮ ಭಾಗಕ್ಕೆ ಮತ್ತೊಂದು ಪ್ರಶ್ನೆ ಸೇರುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗಾ 2019ರಲ್ಲೂ 2021ರಲ್ಲೂ ಊರೊಳಗೆ ನುಗ್ಗಿದ್ದವು. ಆಗ ಗಾಡಿ ಎಲ್ಲಿತ್ತು ಎಂದು ಕೇಳಿ. ಬ್ಯಾಟರಿಯ ಮೇಲೆ ಐಪಿ67 ಎಂದಿದ್ದರೆ ಅದು 1 ಮೀಟರ್ ನೀರಿನಲ್ಲಿ 30 ನಿಮಿಷದ ಭರವಸೆ. ನಾಲ್ಕು ದಿನದ ಪ್ರವಾಹದ್ದಲ್ಲ. ಕನೆಕ್ಟರಿನ ಪಿನ್ನುಗಳಲ್ಲಿ ಹಸಿರು ಕಿಲುಬು, ವೈರಿನ ಸಂದಿಯಲ್ಲಿ ಒಣಗಿದ ರಾಡಿ ಕಂಡರೆ ಆ ಗಾಡಿ ಬೇಡ.

ಚಾರ್ಜರು ಯಾರದು?

ಬ್ಯಾಟರಿಗಿಂತ ಮೊದಲು ಸಾಯುವುದು ಚಾರ್ಜರ್. ತೋಟದ ಮನೆಗಳಲ್ಲಿ ವೋಲ್ಟೇಜ್ ಏರಿಳಿದಾಗ ಅದೇ ಮೊದಲು ಸುಡುತ್ತದೆ. ಕಂಪನಿಯ ಚಾರ್ಜರ್ ಸಿಗದಿದ್ದರೆ ಪೇಟೆಯಿಂದ ‘48 ವೋಲ್ಟ್ ಚಾರ್ಜರ್’ ತರುತ್ತಾರೆ. ಕೇಡು ಹುಟ್ಟುವುದು ಇಲ್ಲಿ.

ಆ ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಾರ್ಜರುಗಳಿವೆ. 16 ಐರನ್ ಫಾಸ್ಫೇಟ್ ಕೋಶಗಳ ಸಾಲಿಗೆ ಕೊನೆಯ ವೋಲ್ಟೇಜ್ 58.4. ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಜಾತಿಯ 13 ಕೋಶಗಳಿಗೆ 54.6. ನಾಲ್ಕು ಸೀಸದ ಬ್ಯಾಟರಿಗೆ 59ರ ಸುತ್ತ. ಪಿನ್ನು ಎಷ್ಟೋ ಸಲ ಒಂದೇ ಅಳತೆ, ಯಾವುದನ್ನಾದರೂ ಚುಚ್ಚಬಹುದು. 54.6ರ ಬ್ಯಾಟರಿಗೆ 58.4ರ ಚಾರ್ಜರ್ ಹಚ್ಚಿದರೆ ಪ್ರತಿ ಕೋಶದ ಮೇಲೆ 4.2 ವೋಲ್ಟ್ ಬದಲು 4.49 ಬೀಳುತ್ತದೆ. ಒಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಸರಿಯಿದ್ದರೆ ಅದನ್ನು ಕಡಿಯುತ್ತದೆ, ಅದೂ ಕೆಟ್ಟಿದ್ದರೆ ಬೆಂಕಿಯ ದಾರಿ. ತಿರುಗುಮುರುಗು ಹಚ್ಚಿದರೆ ಬೆಂಕಿಯಿಲ್ಲ, ಆದರೆ ಕೋಶಗಳು ತುದಿ ಮುಟ್ಟುವುದೇ ಇಲ್ಲ. ತುದಿಯಲ್ಲಿ ನಡೆಯಬೇಕಾದ ಸಮತೋಲನ ನಡೆಯದೆ, ಏರಿನಲ್ಲಿ ತಟ್ಟನೆ ನಿಲ್ಲುವ ಆ ರೋಗ ಬರುತ್ತದೆ.

ಹಾಗಾಗಿ ಚಾರ್ಜರ್ ಕೈಗೆತ್ತಿಕೊಂಡು ಓದಿ. ಔಟ್‌ಪುಟ್ ವೋಲ್ಟೇಜ್ ಬ್ಯಾಟರಿಯ ಸ್ಟಿಕ್ಕರಿನ ಚಾರ್ಜಿಂಗ್ ವೋಲ್ಟೇಜಿಗೆ ದಶಾಂಶದವರೆಗೆ ಕೂಡಬೇಕು. ಪಿನ್ನು ಕಂದಿದೆಯೇ, ಪ್ಲಾಸ್ಟಿಕ್ ಕರಗಿದೆಯೇ ನೋಡಿ. ಮೊದಲ ಚಾರ್ಜರ್ ಏನಾಯಿತು, ಎರಡನೆಯದು ಎಂದು ಬಂತು, ಬಿಲ್ಲು ಎಲ್ಲಿ ಎಂದು ಕೇಳಿ. ಕೆಲವು ದೊಡ್ಡ ಕಂಪನಿಗಳು 2023ರ ಮೊದಲು ಚಾರ್ಜರಿಗೆ ಬೇರೆಯೇ ಬಿಲ್ಲು ಮಾಡಿದ್ದವು. ಸರ್ಕಾರದ ಆಕ್ಷೇಪದ ಮೇಲೆ ಗಿರಾಕಿಗಳಿಗೆ ಹಣ ಮರಳಿಸಿದವು. ಆ ಕಾಲದ ಗಾಡಿ ಮಾರುವವರ ಬಳಿ ಚಾರ್ಜರಿನದೇ ಕಾಗದ ಇರಬೇಕು.

ಕೊಳ್ಳಬಹುದೇ?

ಕಂಪನಿ ನಿಂತ ಗಾಡಿಯೆಲ್ಲ ಕಸವಲ್ಲ. ಆ್ಯಪ್ ಇಲ್ಲದ, ಬ್ಯಾಟರಿಯೂ ಕಂಟ್ರೋಲರೂ ಬರೀ ಎರಡು ದಪ್ಪ ವೈರಿನಿಂದ ಕೂಡಿರುವ ಸಾದಾ ಸ್ಕೂಟರಿಗೆ ಅದೇ ವೋಲ್ಟೇಜಿನ ಹೊರಗಿನ ಬ್ಯಾಟರಿ ಹೊಂದುತ್ತದೆ. ಬ್ಯಾಟರಿ, ಮೀಟರು, ಕಂಟ್ರೋಲರುಗಳು ಪರಸ್ಪರ ಗುರುತು ಹಿಡಿದ ಮೇಲೆಯೇ ಓಡುವ ಗಾಡಿಗೆ ಆ ದಾರಿಯಿಲ್ಲ. ಅದರ ಕಂಪನಿ ನಿಂತರೆ ಗಾಡಿಯೂ ನಿಂತಂತೆ. ಹೊರಗಿನ ಬ್ಯಾಟರಿ ಹಾಕಿದ ಮೇಲೆ ಅಪಘಾತವೋ ಬೆಂಕಿಯೋ ಆದರೆ ವಿಮೆಯವರು ತಕರಾರು ತೆಗೆಯಬಹುದು, ಅದೂ ಲೆಕ್ಕದಲ್ಲಿರಲಿ.

ಮಿರಜ, ಸಾಂಗಲಿ, ಕೊಲ್ಹಾಪುರದಿಂದ ಬರುವ ಎಂಎಚ್ 09, ಎಂಎಚ್ 10 ಗಾಡಿಗಳಿಗೆ ಫಾರ್ಮ್ 29, 30ರ ಜೊತೆ ಅಲ್ಲಿನ ಆರ್‌ಟಿಒ ಕೊಡುವ ಫಾರ್ಮ್ 28ರ ಎನ್‌ಒಸಿಯೂ ಕೈಯಲ್ಲಿರಬೇಕು. ಸಾಲ ತೀರದ ಗಾಡಿಗೆ, ಸಾಲ ಕೊಟ್ಟವರ ಒಪ್ಪಿಗೆ ಇಲ್ಲದೆ ಅದು ಸಿಗುವುದಿಲ್ಲ.

ಬೆಲೆಯ ಲೆಕ್ಕ ಸರಳ. ಮೇಲಿನ ಉದಾಹರಣೆಯ ಗಾಡಿಗೆ 32,000 ಕೇಳುತ್ತಿದ್ದಾರೆ, ಅದೇ ಅಳತೆಯ ಹೊಸ ಬ್ಯಾಟರಿಗೆ ಅಂಗಡಿಯವರು 22,000 ಹೇಳಿದರು ಎಂದುಕೊಳ್ಳಿ. ಬ್ಯಾಟರಿ ಶೇ 60ಕ್ಕೆ ಇಳಿದಿರುವುದರಿಂದ ಆ 22,000 ನೀವು ಬೇಗನೆ ಹಾಕಲೇಬೇಕಾದ ಹಣ. ಒಟ್ಟು 54,000 ಆಯಿತು. ಅಷ್ಟಕ್ಕೆ ಸರ್ವಿಸ್ ಇರುವ ಕಂಪನಿಯ ಗಾಡಿಯೇ ಸಿಗುತ್ತದೆಯೇ ವಿಚಾರಿಸಿ. ಇಲ್ಲವಾದರೆ ಬ್ಯಾಟರಿಯ ಬೆಲೆ ಕಳೆದು ಉಳಿಯುವ 10,000ವೇ ಆ ಸ್ಕೂಟರಿನ ಬೆಲೆ. ಚಾರ್ಜಿಗೆ ಹಚ್ಚಿ ನೋಡಲು ಒಂದು ರಾತ್ರಿ ಗಾಡಿ ಬಿಟ್ಟು ಕೊಡಲು ಒಪ್ಪದವರ ಹತ್ತಿರ ಕೊಳ್ಳಲೇಬೇಡಿ.