ಉರಿಮೂತ್ರ ಯಾವಾಗ ಕಿಡ್ನಿಗೆ ಏರುತ್ತದೆ?

ಪ್ರಶ್ನೆ: ನಾಲ್ಕು ದಿನದಿಂದ ಉರಿಮೂತ್ರಕ್ಕೆ ಬಾರ್ಲಿ ನೀರು ಕುಡಿಯುತ್ತಿದ್ದೆ. ನಿನ್ನೆಯಿಂದ ಚಳಿಜ್ವರ, ಬಲಬೆನ್ನಿನಲ್ಲಿ ನೋವು. ಎರಡೂ ಒಂದೇ ಕಾಯಿಲೆಯೇ?
– ಓದುಗರೊಬ್ಬರು, ಕೋಣಂದೂರು

ಉತ್ತರ: ಸೋಂಕು ಒಂದೇ ಇರಬಹುದು, ಜಾಗ ಬದಲಾಗಿರುವಂತಿದೆ. ಮೂತ್ರಕೋಶದಲ್ಲೇ ಇದ್ದರೆ ಉರಿ, ಪದೇ ಪದೇ ಅವಸರ, ಕಿಬ್ಬೊಟ್ಟೆ ನೋವು ಇರುತ್ತವೆ, ಸಾಮಾನ್ಯವಾಗಿ ಜ್ವರವಿರುವುದಿಲ್ಲ. ಕಿಡ್ನಿಗೆ ಏರಿದರೆ ನಡುಕದ ಜ್ವರ, ವಾಕರಿಕೆ, ಜೊತೆಗೆ ಕೊನೆಯ ಪಕ್ಕೆಲುಬಿನ ಕೆಳಗೆ, ಬೆನ್ನುಮೂಳೆಯ ಪಕ್ಕದಲ್ಲಿ ನೋವು. ಗದ್ದೆ, ತೋಟದ ಕೆಲಸದ ಬೆನ್ನುನೋವು ಬಾಗಿದಾಗ, ಎದ್ದಾಗ ಹೆಚ್ಚುಕಡಿಮೆಯಾಗುತ್ತದೆ. ಕಿಡ್ನಿಯ ನೋವು ಹೇಗೆ ಮಲಗಿದರೂ ಬಿಡದು.

ನಮ್ಮ ಮಲೆನಾಡಿನಲ್ಲಿ ಚಳಿಜ್ವರ ಎಂದರೆ ಮೊದಲು ಮಂಗನ ಕಾಯಿಲೆ, ಇಲಿಜ್ವರ ನೆನಪಾಗುತ್ತವೆ. ಹಾಗಾಗಿ ಉರಿಮೂತ್ರದ ವಿಷಯವನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ. ಆ್ಯಂಟಿಬಯೋಟಿಕ್ ಶುರುಮಾಡುವ ಮೊದಲೇ ಮೂತ್ರದ ಕಲ್ಚರ್‌ಗೆ ಮಾದರಿ ಕೊಡಿ. ಮನೆಯಲ್ಲಿ ಉಳಿದ ಮಾತ್ರೆ ನುಂಗಿದರೆ ರೋಗಾಣು ಪತ್ತೆಯಾಗದೆ ಹೋಗಬಹುದು.

ಮಾತ್ರೆ, ನೀರು ನಿಲ್ಲದಷ್ಟು ವಾಂತಿ, ತಲೆಸುತ್ತು, ಗೊಂದಲದ ಮಾತು, ಏದುಸಿರು, ಮೂತ್ರ ಕಟ್ಟುವುದು ಕಂಡರೆ ರಾತ್ರಿಯಾದರೂ 108ಕ್ಕೆ ಕರೆ ಮಾಡಿ. ಗರ್ಭಿಣಿಯರು, ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ಕಲ್ಲು ಇರುವವರು ಜ್ವರ ಬಂದ ಕೂಡಲೇ ಹೋಗಬೇಕು. ವಯಸ್ಸಾದವರಲ್ಲಿ ಜ್ವರವಿಲ್ಲದೆ ಬರಿಯ ಮಂಕು ಕಾಣಬಹುದು.

ನೀವು ಬಾರ್ಲಿ ನೀರನ್ನು ನಂಬಿ ಕಾಯಬೇಡಿ. ಇವತ್ತೇ ಆಸ್ಪತ್ರೆಗೆ ಹೋಗಿ.